ಬೀಗಿತ್ತಿಯ ‘ಬು ನೆಂಗ್’

ಟೈಲರಮ್ಮನ ಅಳತೆ ತಪ್ಪಿತು ಅಂದರೆ ಬೀದಿಯಲ್ಲಿ ಯಾರೂ ನಂಬುವುದಿಲ್ಲ. ಎದುರಿಗೆ ಬಂದು ನಿಂತವರ ಭುಜ ನೋಡಿಯೇ ಬಟ್ಟೆ ಎಷ್ಟು ಬೇಕೆಂದು ಹೇಳುವ ಹೆಂಗಸು. ಆದರೆ ಮೊಮ್ಮಗಳು ಪುಟ್ಟಿಗೆ ಹೊಲಿದು ಕಳಿಸಿದ ಫ್ರಾಕು ಮಾತ್ರ ಒಂದೂ ಸರಿಯಾಗಿ ಕೂರಲಿಲ್ಲ. ಒಂದು ಕಂಕುಳಲ್ಲಿ ಬಿಗಿ, ಇನ್ನೊಂದು ಮೊಣಕಾಲು ದಾಟಿ ಜೋತು ಬೀಳುವುದು. ಮಗು ಕಣ್ಣಿಗೆ ಬೀಳುತ್ತಿದ್ದದ್ದು ಭಾನುವಾರದ ವಿಡಿಯೋ ಕಾಲ್‌ನಲ್ಲಿ, ಅಂಗೈಯಗಲದ ಪರದೆಯೊಳಗೆ. ಅಲ್ಲಿಗೆ ಟೇಪು ಹಿಡಿಯುವುದು ಹೇಗೆ?

ಮಗಳು ಹಡಗಿನ ಎಂಜಿನಿಯರನನ್ನು ಮೆಚ್ಚಿ ಮದುವೆಯಾಗಿದ್ದಳು. ಅವನ ಮನೆಮಾತು ಚೀನೀ. ಪರದೇಶದಲ್ಲಿ, ಅವನ ತಾಯಿಯ ಮನೆಯಲ್ಲೇ ಸಂಸಾರ. ಪುಟ್ಟಿ ತೊದಲು ಬಿಡುವ ಮೊದಲೇ ಮಗಳು ಕಾಯಿಲೆ ಬಿದ್ದು ತೀರಿಕೊಂಡಳು. ಅಳಿಯ ವರ್ಷದ ಬಹುಪಾಲು ಸಮುದ್ರದ ಮೇಲೆ. ಮಗು ಬೀಗಿತ್ತಿಯ ಕೈಯಲ್ಲಿ ಬೆಳೆಯಿತು. ‘ಅಜ್ಜಿ, ಬಾ’ ಎನ್ನುತ್ತಿದ್ದ ಬಾಯಿಗೆ ಈಗ ಚೀನೀ ಬಿಟ್ಟು ಬೇರೆ ಮಾತಿಲ್ಲ. ಮಾತು ತಿಳಿಸಿ ಹೇಳಲು ಅಳಿಯ ಮನೆಯಲ್ಲಿ ಇಲ್ಲದ ದಿನ ಟೈಲರಮ್ಮ ಪರದೆಯ ಮುಂದೆ ಕೂತು ನಗುವುದು, ಮಗು ನಗುವುದು, ಬೀಗಿತ್ತಿ ತಲೆಯಾಡಿಸುವುದು. ಅಷ್ಟೇ ಸಂಭಾಷಣೆ.

ಬರುವ ರಜೆಗೆ ಪುಟ್ಟಿಯನ್ನು ತನ್ನ ಮನೆಗೆ ಕರೆಸಿಕೊಳ್ಳಬೇಕು. ಪಕ್ಕದಲ್ಲಿ ಮಲಗಿಸಿಕೊಳ್ಳಬೇಕು. ಟೈಲರಮ್ಮನ ಆಸೆ ಅದೊಂದೇ. ಅದನ್ನು ತಾನೇ ಬಾಯಿಬಿಟ್ಟು ಕೇಳಬೇಕೆಂದು ಚೀನೀ ಕ್ಲಾಸಿಗೆ ಸೇರಿದರು.

ಕ್ಲಾಸು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಡೆಯುತ್ತಿತ್ತು. ಮೇಷ್ಟ್ರು ಹಿಂದೆ ಕಾರ್ಖಾನೆಯೊಂದರಲ್ಲಿ ಚೀನೀ ಮೆಷಿನ್ ಕೂರಿಸಲು ಬಂದವರಿಗೆ ದುಭಾಷಿಯಾಗಿದ್ದವರು. ವಿದ್ಯಾರ್ಥಿಗಳೆಂದರೆ ಬಿಡಿಭಾಗ ತರಿಸುವ ಒಬ್ಬ ವ್ಯಾಪಾರಿ, ಹೋಟೆಲಿನ ರಿಸೆಪ್ಷನ್ ಹುಡುಗಿ, ಮತ್ತೆ ಟೈಲರಮ್ಮ.

ಅವತ್ತಿನ ಪಾಠ ನೆಂಗ್, ಖೆಯೀ, ಹ್ವೇ.

“ಪುಸ್ತಕದಲ್ಲಿ ಮೂರಕ್ಕೂ ಕ್ಯಾನ್, ಕ್ಯಾನ್, ಕ್ಯಾನ್ ಅಂತಿದೆ,” ಎಂದು ವ್ಯಾಪಾರಿ ಗೊಣಗಿದ. “ಒಂದೇ ಅರ್ಥಕ್ಕೆ ಮೂರು ಮಾತು ಯಾಕೆ ಸಾರ್? ನಮ್ಮ ತಲೆ ತಿನ್ನೋಕಾ?”

“ಇಂಗ್ಲಿಷ್ ಕೆಳಗಿಡಿ. ಕನ್ನಡದಲ್ಲಿ ಯೋಚನೆ ಮಾಡಿ,” ಎಂದರು ಮೇಷ್ಟ್ರು. “ಟೈಲರಮ್ಮ, ನಿಮಗೆ ಹೊಲಿಯೋಕೆ ಬರುತ್ತಾ?”

“ಇದೇನು ಪ್ರಶ್ನೆ! ಬರುತ್ತೆ.”

“ಕಲಿತಿದ್ದೀರಿ, ಅದಕ್ಕೆ ಬರುತ್ತೆ. ಅದು ಹ್ವೇ. ಬೆರಳಿಗೆ ಸೂಜಿ ಚುಚ್ಚಿ ಊದಿಕೊಂಡಿದೆ ಅಂತಿಟ್ಟುಕೊಳ್ಳಿ. ಇವತ್ತು ಹೊಲಿಯೋಕೆ ಆಗುತ್ತಾ?”

“ಆಗಲ್ಲ. ಹಾಗಂತ ವಿದ್ಯೆ ಎಲ್ಲಿ ಹೋಗುತ್ತೆ?”

“ಎಲ್ಲೂ ಹೋಗಲ್ಲ. ಆಗುತ್ತೆ, ಆಗಲ್ಲ ಅನ್ನೋದು ನೆಂಗ್. ಮೈಯಲ್ಲಿ ಶಕ್ತಿ, ಸಮಯ, ಅನುಕೂಲ ಎಲ್ಲಾ ಅದರಲ್ಲೇ ಬಂತು. ಈಗ ಗಿರಾಕಿ ಒಂದು ಒಳ್ಳೇ ಸೀರೆ ತಂದು ನಿಮ್ಮ ಮೇಜಿನ ಮೇಲಿಟ್ಟು ಹೋದ್ರು. ಕತ್ತರಿಸೋಕೆ ನಿಮಗೆ ಬರುತ್ತೆ, ಕೈಯಲ್ಲಿ ಆಗುತ್ತೆ. ಹಾಕಿಬಿಡ್ತೀರಾ ಕತ್ತರಿ?”

“ಅಯ್ಯೋ, ಅವರು ಹೂಂ ಅನ್ನದೆ ಮುಟ್ಟೋದುಂಟೇ?”

“ಅವರು ‘ಕತ್ತರಿಸಬಹುದು’ ಅನ್ನಬೇಕು. ಆ ಬಹುದು ಇದೆಯಲ್ಲ, ಅದು ಖೆಯೀ. ಎಲ್ಲಾ ಕಡೆ ಅಚ್ಚುಕಟ್ಟಾಗಿ ಹೊಂದಲ್ಲ, ಹ್ವೇಗೆ, ನೆಂಗ್‌ಗೆ ಬೇರೆ ಕೆಲಸಗಳೂ ಇವೆ. ಸದ್ಯಕ್ಕೆ ಇಷ್ಟರಲ್ಲಿ ಸಂಸಾರ ನಡೆಯುತ್ತೆ.”

ರಿಸೆಪ್ಷನ್ ಹುಡುಗಿ ಕಿಸಕ್ಕೆಂದಳು. “ನಮ್ಮ ಮ್ಯಾನೇಜರ್‌ಗೆ ರಜೆ ಕೊಡೋ ವಿದ್ಯೆ ಬರುತ್ತೆ, ಕೊಡೋಕೂ ಆಗುತ್ತೆ. ಬಹುದು ಅನ್ನೋ ಮಾತು ಮಾತ್ರ ಬಾಯಿಂದ ಬೀಳಲ್ಲ ಸಾರ್.”

ಮುಂದಿನ ಭಾನುವಾರ ಪುಟ್ಟಿ ಹಗ್ಗ ಹಿಡಿದು ಪರದೆಗೆ ಬಂದಳು. ‘ವೋ ಹ್ವೇ’ ಎಂದು ಹಗ್ಗ ತೋರಿಸಿದಳು. ನನಗೆ ಸ್ಕಿಪಿಂಗ್ ಬರುತ್ತೆ! ಟೈಲರಮ್ಮ ಚಪ್ಪಾಳೆ ತಟ್ಟಿ, ಎಲ್ಲಿ ಆಡು ನೋಡೋಣ ಎಂದು ಕೈಸನ್ನೆ ಮಾಡಿದರು. ಮಗು ಒಂದು ಕಾಲೆತ್ತಿ ಪಾದಕ್ಕೆ ಸುತ್ತಿದ್ದ ಬ್ಯಾಂಡೇಜ್ ತೋರಿಸಿ, ‘ಬು ನೆಂಗ್’ ಎಂದಿತು. ಬು ಅಂದರೆ ಇಲ್ಲ; ಇವತ್ತು ಆಗಲ್ಲ. ಆಮೇಲೆ ನೆಲವನ್ನು ತೋರಿಸಿ, ಕೆಳಗಿನ ಮನೆಯವರು ಬೈಯುವ ಹಾಗೆ ಮುಖ ಮಾಡಿ, ದನಿ ತಗ್ಗಿಸಿತು: “ನಾಯ್‌ನಾಯ್ ಶ್ವೋ ಬು ಖೆಯೀ.” ನಾಯ್‌ನಾಯ್ ಅಂದರೆ ಅಪ್ಪನ ತಾಯಿ. ಮನೆಯೊಳಗೆ ಕುಣಿಯಬಾರದು ಅಂತ ಅಜ್ಜಿ ಹೇಳಿದ್ದಾರೆ.

ಮೇಷ್ಟ್ರ ಪಾಠವನ್ನು ಮಗು ಆಟದಲ್ಲಿ ಒಪ್ಪಿಸಿಬಿಟ್ಟಿತ್ತು. ಟೈಲರಮ್ಮನಿಗೆ ಒಂದು ಅಕ್ಷರವೂ ತಪ್ಪದೆ ಅರ್ಥವಾಯಿತು. ಮೊಮ್ಮಗಳು ತನ್ನೊಡನೆ ಮಾತಾಡಿದಳು, ತನಗೆ ತಿಳಿಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಆ ಬಲದಲ್ಲೇ ಬೀಗಿತ್ತಿಯನ್ನು ಕರೆದು ಕೇಳಿದರು.

“ತಾ ನೆಂಗ್ ಲಾಯ್ ಮಾ?” ಅವಳಿಗೆ ಬರೋಕೆ ಆಗುತ್ತಾ?

ಬೀಗಿತ್ತಿ ಚೊಕ್ಕವಾಗಿ ತಲೆ ಬಾಚಿದ, ತೆಳ್ಳಗಿನ ಹೆಂಗಸು. ಅವರ ಬೆನ್ನ ಹಿಂದೆ ಯಾವಾಗಲೂ ಮುಚ್ಚಿರುವ ಒಂದು ಬಾಗಿಲು. ಅದು ಮಗಳ ಕೋಣೆ. ಟೈಲರಮ್ಮ ಆ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ.

“ಬು ನೆಂಗ್,” ಎಂದರು ಬೀಗಿತ್ತಿ. ಶಾಲೆ ಎಂದೇನೋ ಹೇಳಿದರು.

ಮುಂದಿನ ವಾರ ಟೈಲರಮ್ಮ ಮತ್ತೆ ಕೇಳಿದರು. ಬು ನೆಂಗ್, ಪಾದ ಇನ್ನೂ ನೋವು. ಅದರ ಮುಂದಿನ ವಾರ ಕೆಮ್ಮು. ಪರದೆಯಲ್ಲಿ ಮಗು ಕುರ್ಚಿಯಿಂದ ಕುರ್ಚಿಗೆ ಜಿಗಿಯುತ್ತಿತ್ತು. ಕೆಮ್ಮಿನ ಸುಳಿವೇ ಇಲ್ಲ.

ಕ್ಲಾಸು ಮುಗಿದ ಮೇಲೆ ಟೈಲರಮ್ಮ ಎದ್ದೇಳಲಿಲ್ಲ. “ಮೇಷ್ಟ್ರೇ, ಆಗಲ್ಲ ಆಗಲ್ಲ ಅಂತಲೇ ಹೇಳ್ತಾರೆ. ನಿಜವಾಗ್ಲೂ ಆಗಲ್ವೋ, ಕಳಿಸೋಕೆ ಮನಸ್ಸಿಲ್ವೋ?”

ಮೇಷ್ಟ್ರು ಬೋರ್ಡು ಒರೆಸುತ್ತಾ ನಿಂತರು. “ಅದು ಆ ಮಾತಿಂದ ಗೊತ್ತಾಗಲ್ಲಮ್ಮ. ಹೂಂ ಅನ್ನುವಾಗ ನೆಂಗ್ ಒಂದು ದಾರಿ, ಖೆಯೀ ಒಂದು ದಾರಿ. ಬೇಡ ಅನ್ನುವಾಗ ದೊಡ್ಡವರು ಎರಡಕ್ಕೂ ಬು ನೆಂಗ್ ಅಂದುಬಿಡೋದು ಜಾಸ್ತಿ. ಬು ಖೆಯೀ ಅಂದ್ರೆ ಕಡ್ಡಿ ಮುರಿದ ಹಾಗಾಗುತ್ತೆ, ಮಕ್ಕಳನ್ನ ಗದರಿಸೋ ಹಾಗೆ. ಬೀಗರ ಹತ್ತಿರ ಯಾರು ಅಂತಾರೆ? ನೀವು ಕೇಳಿರೋದೂ ಅನುಕೂಲ ಇದೆಯಾ ಅಂತ. ಅವರೂ ಅನುಕೂಲ ಇಲ್ಲ ಅಂತಿದ್ದಾರೆ. ಇಬ್ಬರೂ ಬೇಲಿಯ ಆಚೆ ಈಚೆ ನಿಂತು ಮಳೆ ಬಿಸಿಲಿನ ಮಾತಾಡ್ತಿದ್ದೀರಿ.”

“ಮತ್ತೆ?”

“ಖೆಯೀ ಹಾಕಿ ಕೇಳಿ. ಕಳಿಸಬಹುದಾ ಅಂತ. ಆಗ ಅವರು ಮನಸ್ಸಿನ ಮಾತು ಆಡಲೇಬೇಕಾಗುತ್ತೆ.”

ಟೈಲರಮ್ಮನ ಮುಖ ಬಿಗಿಯಿತು. “ನನ್ನ ಮಗಳ ಮಗು. ನಾನು ಹೆತ್ತವಳು ಹೆತ್ತದ್ದು. ಅದನ್ನ ನೋಡೋಕೆ ಅವರ ಅಪ್ಪಣೆ ಕೇಳಬೇಕಾ?”

“ಬೇಡ ಬಿಡಿ. ಮಗು ಯಾರ ಮನೇಲಿದೆ?”

ಟೈಲರಮ್ಮ ಪುಸ್ತಕ ಮುಚ್ಚಿ ಎದ್ದರು. ಚಪ್ಪಲಿ ಮೆಟ್ಟಿ ಕೆಳಗಿಳಿದರು. ಮೆಟ್ಟಿಲ ಬುಡದಲ್ಲಿ ರಿಸೆಪ್ಷನ್ ಹುಡುಗಿ ಆಟೋ ಕಾಯುತ್ತಿದ್ದಳು.

“ಆಂಟಿ, ಮುಖ ಯಾಕೆ ಹೀಗೆ?”

“ನಿಮ್ಮ ಮೇಷ್ಟ್ರಿಗೆ ಪಾಠ ಹೇಳೋಕೆ ಬರುತ್ತೆ. ಬಾಯಿ ಮುಚ್ಚಿಕೊಳ್ಳೋಕೆ ಆಗಲ್ಲ.”

“ಬೈಯಬಹುದು ಆಂಟಿ, ಫೀಸು ಕೊಟ್ಟಿದ್ದೀರಲ್ಲ,” ಎಂದು ಹುಡುಗಿ ನಕ್ಕಳು. ಟೈಲರಮ್ಮನಿಗೂ ನಗು ತಡೆಯಲಾಗಲಿಲ್ಲ.

ಆ ವಾರವೆಲ್ಲ ಮೆಷಿನ್ ತುಳಿಯುತ್ತಾ ಅದನ್ನೇ ಯೋಚಿಸಿದರು. ಮಗುವಿಗೆ ರಾತ್ರಿ ಜ್ವರ ಬಂದರೆ ಎದ್ದು ಕೂರುವವರು ಯಾರು? ಶಾಲೆಗೆ ಕೈಹಿಡಿದು ಕರೆದೊಯ್ಯುವವರು ಯಾರು? ಜಂಬ ಬದಿಗಿಟ್ಟು ನೋಡಿದರೆ ಲೆಕ್ಕ ಬಹಳ ಸರಳವಿತ್ತು. ಸರಳವಿದ್ದದ್ದಕ್ಕೇ ಒಪ್ಪಲು ಕಷ್ಟವಾಗಿತ್ತು.

ಶನಿವಾರ ಮತ್ತೆ ಮೇಷ್ಟ್ರ ಮುಂದೆ ನಿಂತರು. “ಚೀನೀ ಮಾತಿನ ನೀ ಅಂದ್ರೆ ನಮ್ಮ ನೀನೇ ತಾನೆ? ಬೀಗಿತ್ತಿಗೆ ಏಕವಚನ ಹಾಕಿ ಕೇಳೋದು ಚೆನ್ನಾಗಿರಲ್ಲ.”

“ನಿನ್ ಅನ್ನಿ. ಅದು ನೀವು ಅಂದ ಹಾಗೆ.”

“ಕನ್ನಡದಲ್ಲಿ ನಿನ್ ಅಂದ್ರೆ ಇನ್ನೂ ಅಧ್ವಾನ. ಇರಲಿ, ಅವರ ಊಟ ಅವರ ರುಚಿ.”

ಭಾನುವಾರ ಬೀಗಿತ್ತಿಯ ಮುಖ ಕಾಣುತ್ತಿದ್ದಂತೆ ಟೈಲರಮ್ಮ ಬೆನ್ನು ನೆಟ್ಟಗೆ ಮಾಡಿ ಕೂತರು. ಬಾಯಿಪಾಠ ಮಾಡಿದ್ದನ್ನು ಹೇಳಿದರು. ನಿಮ್ಮನ್ನು ಕೇಳಬೇಕೆಂದಿದ್ದೇನೆ. “ತಾ ಖೆಯೀ ಲಾಯ್ ಮಾ?” ಅವಳು ಬರಬಹುದಾ?

ಬೀಗಿತ್ತಿ ಮಡಿಲಲ್ಲಿದ್ದ ಟವೆಲನ್ನು ಒಂದು ಮಡಿಕೆ ಮಡಿಸಿದರು, ಬಿಚ್ಚಿದರು. ಟೈಲರಮ್ಮ ಆ ಕೈಗಳನ್ನೇ ನೋಡಿದರು. ಇನ್ನು ಶಾಲೆ, ಕೆಮ್ಮು ಎಂದು ಜಾರಿಕೊಳ್ಳಲು ದಾರಿಯಿಲ್ಲ. ಬು ಖೆಯೀ ಎಂದುಬಿಟ್ಟರೆ ಮುಂದಿನ ಭಾನುವಾರ ಯಾವ ಮುಖ ಹೊತ್ತು ಕೂರುವುದು?

“ಖೆಯೀ,” ಎಂದರು ಬೀಗಿತ್ತಿ.

ಹೇಳಿದ ಮೇಲೆ ಅವರ ಕಣ್ಣು ತುಂಬಿತು. ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ ಬಿಡಿಬಿಡಿಸಿ, ಕೈಸನ್ನೆ ಸೇರಿಸಿ ಮುಂದುವರಿಸಿದರು. ಅಪ್ಪ ಹಡಗಿನಲ್ಲಿ. ಇಷ್ಟು ಚಿಕ್ಕದನ್ನು ಒಂಟಿಯಾಗಿ ವಿಮಾನ ಹತ್ತಿಸಲು ಮನಸ್ಸು ಬರುವುದಿಲ್ಲ. ತನ್ನ ಮೊಣಕಾಲು ಮುಟ್ಟಿ, “ವೋ ಬು ನೆಂಗ್,” ಎಂದರು. ಕರೆದುಕೊಂಡು ಬರೋಕೆ ನನಗೆ ಆಗಲ್ಲ. ಬಹಳ ದಿನದಿಂದ ಕೂಡಿಟ್ಟುಕೊಂಡ ಸುಸ್ತು ಆ ಮಾತಿನಲ್ಲಿತ್ತು. ಪುಟ್ಟಿ ಹೋದರೆ ಈ ಮನೆ, ಎಂದು ಕೈಯನ್ನು ಕೋಣೆಯ ಸುತ್ತ ಬೀಸಿ, ಮುಂದೆ ಹೇಳದೆ ನಿಲ್ಲಿಸಿದರು. ಆ ಭಾಷೆಗೆ ಮೇಷ್ಟ್ರು ಬೇಕಿರಲಿಲ್ಲ.

ಆಮೇಲೆ ಬೀಗಿತ್ತಿ ಪರದೆಯ ಹತ್ತಿರಕ್ಕೆ ಬಾಗಿದರು.

“ನಿನ್ ನೆಂಗ್ ಲಾಯ್ ಮಾ?”

ನಿಮಗೆ ಬರೋಕೆ ಆಗುತ್ತಾ?

ಟೈಲರಮ್ಮ ಈ ಪ್ರಶ್ನೆಗೆ ಉತ್ತರ ಕಲಿತು ಬಂದಿರಲಿಲ್ಲ. ಕೈಕಾಲು ಗಟ್ಟಿಯಿವೆ. ಅಂಗಡಿಗೆ ಬೀಗ ಹಾಕಿದರೆ ಗಿರಾಕಿಗಳು ನಾಲ್ಕು ದಿನ ಗೊಣಗಿ ಸುಮ್ಮನಾಗುತ್ತಾರೆ. ಆದರೆ ಮಗಳನ್ನು ಕೊನೆಯ ಯಾತ್ರೆಗೆ ಕಳಿಸಿಕೊಟ್ಟ ದಿನದಿಂದ ಆ ಮನೆಯ ಹೊಸಿಲು ತುಳಿದಿರಲಿಲ್ಲ. ಮಗುವನ್ನು ಇಲ್ಲಿಗೆ ಕಳಿಸಿ ಎಂದು ವಾರ ವಾರ ಕೇಳಿದ್ದೇ ಹೊರತು, ನಾನು ಬರುತ್ತೇನೆ ಎಂಬ ಮಾತು ನಾಲಿಗೆಗೆ ಬಂದಿರಲಿಲ್ಲ. ಈಗ ಮೊದಲ ಸಲ ಬೀಗಿತ್ತಿಯ ಭುಜದ ಹಿಂದಿನ ಬಾಗಿಲನ್ನು ನೇರವಾಗಿ ನೋಡಿದರು. ಹಿಡಿಕೆಗೆ ಮಗಳ ನೀಲಿ ಬಟ್ಟೆಯ ಚೀಲ ಇನ್ನೂ ತೂಗುತ್ತಿತ್ತು. ಯಾರೂ ತೆಗೆದಿರಲಿಲ್ಲ. ಬೀಗಿತ್ತಿಗೂ ತೆಗೆಯಲು ಆಗಿರಲಿಲ್ಲ.

ನೆಂಗ್ ಎನ್ನಲು ಬಾಯಿ ಬರಲಿಲ್ಲ. ಆಗುತ್ತದೋ ಇಲ್ಲವೋ ಅವರಿಗೇ ಗೊತ್ತಿರಲಿಲ್ಲ. ಸುಳ್ಳು ಹೇಳುವ ಹೆಂಗಸೂ ಅಲ್ಲ.

“ವೋ ಲಾಯ್,” ಎಂದರು. ಬರ್ತೀನಿ.

ಬೀಗಿತ್ತಿ ತಲೆಯಾಡಿಸಿ ಟವೆಲಿನಿಂದ ಮೂಗೊರೆಸಿಕೊಂಡರು. ಯಾವ ತಿಂಗಳು ಎಂದು ಏನೋ ಕೇಳಿದರು, ಟೈಲರಮ್ಮನಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಕೇಳಿದರು, ಆಗಲೂ ತಿಳಿಯಲಿಲ್ಲ. ಇಬ್ಬರಿಗೂ ನಗು ಬಂತು. ಪುಟ್ಟಿ ಒಳಗೆಲ್ಲೋ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು. ಕಾಲ್ ಮುಗಿಸುವ ಹೊತ್ತು ದಾಟಿದ್ದರೂ ಯಾರೂ ಮುಗಿಸಲಿಲ್ಲ. ಆ ಕಡೆ ಒಬ್ಬರು, ಈ ಕಡೆ ಒಬ್ಬರು, ಆ ದನಿಯನ್ನೇ ಕೇಳುತ್ತಾ ಕೂತರು.