ಸವಕಳಿಯ ಪಾಲು

"ಈ ಸವಕಳಿ ಅಂಬಾಂವ ಯಾರ್ರಿ?" ಎಂದು ಕೇಳಿದರು ಕಸ್ತೂರಿಬಾಯಿ.

ನಾನು ಹುಬ್ಬು ಏರಿಸಿದೆ. ಅವರ ಬೆರಳು ನಾನು ಮಾಡಿಕೊಟ್ಟ ಯೋಜನಾ ವರದಿಯ ಏಳನೇ ಪುಟದ ಮೇಲಿತ್ತು. ಬ್ಯಾಂಕಿಗೆ ಕೊಡುವ ಪ್ರತಿ ಇಂಗ್ಲಿಷಿನಲ್ಲಿ ಇರುತ್ತದೆ. ಆದರೆ ಸಹಿ ಹಾಕುವವರಿಗೆ ತಾವು ಯಾವುದಕ್ಕೆ ಸಹಿ ಹಾಕುತ್ತಿದ್ದೇವೆ ಎಂದು ತಿಳಿಯಲೇಬೇಕು ಎನ್ನುವುದು ನನ್ನ ಹಟ. ಹಾಗಾಗಿ ಒಂದು ಕನ್ನಡ ಪ್ರತಿಯನ್ನೂ ಮಾಡುತ್ತೇನೆ. ಬೀದರಿನ ಮೈಲೂರಿನಲ್ಲಿರುವ ನನ್ನ ಲೆಕ್ಕಪತ್ರದ ಆಫೀಸಿಗೆ ಬರುವವರಲ್ಲಿ ಅದನ್ನು ಓದುವವರು ಕಡಿಮೆ. ಈಕೆ ಸಾಲು ಸಾಲಾಗಿ ಓದಿದ್ದರು.

"ಮಾಣಿಕ ಹೇಳಿದ್ದ, ವರ್ಷಕ್ಕ ನಾಲ್ಕೂವರಿ ಲಕ್ಷ ಉಳಿತದ, ಅದರಾಗ ಅರ್ಧ ನಿಂದು ಅಂತ. ಇಂವ ಯಾರೋ ನಡುವ ಬಂದು ಮೂರು ಲಕ್ಷ ಒಯ್ದಾನಲ್ರಿ. ಪಾಲುದಾರರು ನಾವಿಬ್ಬರೇ ಅಲ್ಲೇನು?"

ಪಕ್ಕದಲ್ಲಿ ಕುಳಿತಿದ್ದ ಅವರ ತಮ್ಮ ಮಾಣಿಕ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಕಸ್ತೂರಿಬಾಯಿ ನಗಲಿಲ್ಲ. ನಮ್ಮಿಬ್ಬರ ಮುಖವನ್ನು ನೋಡುತ್ತ, ನಗು ಮುಗಿಯಲಿ ಎಂದು ಕಾದರು. ನನಗೆ ನಾಚಿಕೆಯಾಯಿತು.

ಮಾಣಿಕ ಭಾಲ್ಕಿಯಲ್ಲಿ ತೊಗರಿ ವ್ಯಾಪಾರ ಮಾಡುವವನು. ಬೇರೆಯವರ ಮಿಲ್ಲಿಗೆ ಕಾಳು ಹಾಕಿ ಹಾಕಿ ಸಾಕಾಗಿ, ಬೀದರಿನ ಹತ್ತಿರದ ಕೊಳಾರದಲ್ಲಿ ಬಾಡಿಗೆ ಶೆಡ್ ಹಿಡಿದು ತನ್ನದೇ ಬೇಳೆ ಮಿಲ್ ಹಾಕಲು ಹೊರಟಿದ್ದ. ಯಂತ್ರಗಳಿಗೆ ಇಪ್ಪತ್ತು ಲಕ್ಷ. ಬ್ಯಾಂಕಿನಿಂದ ಹನ್ನೆರಡು, ಅವನದು ಮೂರು, ಅಕ್ಕನದು ಐದು. ಅಕ್ಕ ಔರಾದಿನವರು. ಗಂಡ ತೀರಿಕೊಂಡ ಮೇಲೆ ರಸ್ತೆ ಪಕ್ಕದ ಹೊಲ ಮಾರಿ ಬಂದ ದುಡ್ಡನ್ನು ತಮ್ಮನ ಕೈಗೆ ಕೊಟ್ಟಿದ್ದರು. ಆ ಬಂಡವಾಳಕ್ಕೆ ಬಡ್ಡಿ ಬರೆದುಕೊಳ್ಳಿ, ಕಾನೂನಿನಲ್ಲಿ ಅವಕಾಶವಿದೆ ಎಂದು ನಾನು ಮೊದಲೇ ಹೇಳಿದ್ದೆ. "ತವರುಮನ್ಯಾಗ ಬಡ್ಡಿ ತೊಗೊಳ್ಳೋದೇನ್ರಿ? ಮಂದಿ ಉಗುಳ್ತಾರ" ಎಂದು ಅವರು ಬಾಯಿ ಮುಚ್ಚಿಸಿದ್ದರು. ಹಾಗಾಗಿ ಅವರಿಗೆ ಸಿಗುವುದು ಲಾಭದಲ್ಲಿ ಅರ್ಧ ಪಾಲು ಮಾತ್ರ.

"ಸವಕಳಿ ಅಂದ್ರ ಮನುಷ್ಯಾ ಅಲ್ರಿ," ಎಂದೆ. "ಮಷೀನ ತಿರುಗಿದಂಗೆಲ್ಲ ಸವಿತದ. ಈ ವರ್ಷ ಎಷ್ಟು ಸವೀತು ಅಂತ ಅಂದಾಜು ಮಾಡಿ ಗಳಿಕಿಯಾಗಿಂದ ಅಷ್ಟು ಕಳಿಬೇಕು. ಆ ದುಡ್ಡು ಯಾರೂ ಒಯ್ಯಂಗಿಲ್ಲ. ಧಂದೆದಾಗೇ ಉಳಿತದ. ಬ್ಯಾಂಕಿನ ಕಂತು ಕಟ್ಟಾಕ ಬರ್ತದ."

"ಹಂಗಾದ್ರ ನನ್ನ ಕೈಗಿ ಬರೋದು?"

"ನಾಲ್ಕೂವರಿಯಾಗ ಮೂರು ಹೋದ್ರ ಒಂದೂವರಿ. ನಿಮ್ಮ ಪಾಲು ಎಪ್ಪತ್ತೈದು ಸಾವಿರ."

ಅವರು ಕಾಗದವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಆಮೇಲೆ, ಯಾರಿಗೂ ಅಲ್ಲ ಎಂಬಂತೆ, "ಕಾಲೇಜಿನವ್ರು ಹಾಸ್ಟೆಲ್ ಸೇರಿ ವರ್ಷಕ್ಕ ಒಂದು ಲಕ್ಷ ಇಪ್ಪತ್ತು ಸಾವಿರ ಹೇಳ್ಯಾರ" ಎಂದರು.

ಆಗ ವಿಷಯ ತಿಳಿಯಿತು. ಮಗಳು ಕಾಜಲ ಪಿಯುಸಿ ವಿಜ್ಞಾನ ಮುಗಿಸಿ ವರ್ಷವಾಗಿತ್ತು. ಬೀದರಿನಲ್ಲಿ ನರ್ಸಿಂಗ್ ಓದಬೇಕೆಂದು ಅವಳ ಆಸೆ, ನಾಲ್ಕು ವರ್ಷದ ಕೋರ್ಸು. ತಂದೆ ತೀರಿಕೊಂಡದ್ದರಿಂದ ಆ ವರ್ಷ ಮನೆಯಲ್ಲೇ ಕುಳಿತಿದ್ದಳು. ಸುಮ್ಮನೆ ಕುಳಿತ ಹುಡುಗಿಯನ್ನು ಮಂದಿ ಸುಮ್ಮನೆ ಬಿಡುತ್ತಾರೆಯೆ? ಚಿದ್ರಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ಕಡೆಯವರು ಎರಡು ಸಲ ಬಂದು ಚಹಾ ಕುಡಿದು ಹೋಗಿದ್ದರು. ಈ ವರ್ಷ ಕಾಲೇಜಿಲ್ಲವೆಂದರೆ ಮದುವೆ, ಅಷ್ಟೇ.

ನಾನು ಕಂಪ್ಯೂಟರಿನ ಕಡೆ ತಿರುಗಿದೆ. ಸವಕಳಿ ಪಟ್ಟಿಯಲ್ಲಿ ಮೊದಲ ವರ್ಷ ಮೂರು ಲಕ್ಷ, ಎರಡನೇ ವರ್ಷ ಎರಡು ಲಕ್ಷ ಐವತ್ತೈದು ಸಾವಿರ, ಮೂರನೇ ವರ್ಷ ಎರಡು ಲಕ್ಷ ಹದಿನೇಳು ಸಾವಿರದ ಹತ್ತಿರ. ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಶೇಕಡಾ ಹದಿನೈದು. ಆದಾಯ ತೆರಿಗೆಯ ಲೆಕ್ಕ ಹಾಗೆಯೇ ಮಾಡಬೇಕು. ಆದರೆ ಅಕ್ಕ ತಮ್ಮ ಪಾಲು ಹಂಚಿಕೊಳ್ಳುವ ಲೆಕ್ಕವೂ ಹಾಗೆಯೇ ಇರಬೇಕೆಂದು ಯಾರು ಹೇಳಿದರು? ಯಾರೂ ಹೇಳಿಲ್ಲ. ನನ್ನ ಹಳೆಯ ಶೀಟಿನಲ್ಲಿ ಆ ಹದಿನೈದು ತಾನಾಗಿಯೇ ಕುಳಿತಿರುತ್ತದೆ, ಹೆಸರು ಬದಲಿಸಿದರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

"ನೋಡ್ರಿ," ಎಂದು ಪರದೆಯನ್ನು ಅವರ ಕಡೆ ತಿರುಗಿಸಿದೆ. "ಈ ಮಷೀನ ಹತ್ತು ವರ್ಷ ನಡಿತಾವ ಅಂತ ಇಟ್ಕೊಂಡು, ವರ್ಷಕ್ಕ ಎರಡೆರಡು ಲಕ್ಷ ಸಮನಾಗಿ ಕಳಿಬಹುದು. ತೆರಿಗಿ ಲೆಕ್ಕ ಬ್ಯಾರೆ, ನಿಮ್ಮ ಮನಿ ಲೆಕ್ಕ ಬ್ಯಾರೆ. ಆದ್ರ ಒಮ್ಮೆ ಹಿಡಿದ ಪದ್ಧತಿ ವರ್ಷಾ ವರ್ಷಾ ಬದಲಿ ಮಾಡಬಾರದು. ಹಿಂಗ ಮಾಡಿದ್ರ ಲಾಭ ಎರಡೂವರಿ, ನಿಮ್ಮ ಪಾಲು ಒಂದು ಲಕ್ಷ ಇಪ್ಪತ್ತೈದು ಸಾವಿರ."

ಕಸ್ತೂರಿಬಾಯಿಯ ಮುಖ ಅರಳಿತು. "ನಾಲ್ಕು ವರ್ಷನೂ?"

"ಅಂದಾಜಿನಂಗ ಮಿಲ್ ನಡೆದ್ರ ನಾಲ್ಕು ವರ್ಷನೂ. ಮೊದಲಿನ ಲೆಕ್ಕದಾಗ ನಿಮ್ಮ ದುಡ್ಡು ಎಲ್ಲೂ ಹೋಗಿರಲಿಲ್ಲ, ಬರೇ ತಡಾ ಆಗಿತ್ತು. ನಾಲ್ಕನೇ ವರ್ಷದಿಂದ ಅದರಾಗೇ ಜಾಸ್ತಿ ಬರ್ತಿತ್ತು."

"ತಡಾ ಆಗಿ ಬಂದ್ರ ಏನ್ ಮಾಡ್ಲಿ, ಅದರಾಗ ಬಾಣಂತನ ಮಾಡಬೇಕಾಗ್ತಿತ್ತು," ಎಂದು ಅವರು ಮೊದಲ ಸಲ ನಕ್ಕರು.

ಮಾಣಿಕ ಮಾತ್ರ ನಗಲಿಲ್ಲ. ವರದಿಯ ಇನ್ನೊಂದು ಪುಟ ತೆಗೆದು ನನ್ನ ಮುಂದೆ ಸರಿಸಿದ. ಯಾವ ವರ್ಷ ಯಾವ ಯಂತ್ರ ಕೊಳ್ಳಬೇಕು ಎಂಬ ಬಂಡವಾಳ ವೆಚ್ಚದ ಪಟ್ಟಿ ಅದು. ಮೂರನೇ ವರ್ಷದ ಎದುರು ಬರೆದದ್ದು: ಕಲರ್ ಸಾರ್ಟರ್ (ಬಣ್ಣ ನೋಡಿ ಕೆಟ್ಟ ಕಾಳು ಬೇರ್ಪಡಿಸುವ ಯಂತ್ರ), ಎಂಟು ಲಕ್ಷ.

"ಮೇಡಂ, ಕಾಗದದ ಮ್ಯಾಲ ಲಾಭ ಏರಿಸಿದ್ರಿ. ಗಲ್ಲಾದಾಗಿನ ರೊಕ್ಕ ಏರ್ತದೇನು?"

ಅವನು ಹೇಳಿದ್ದು ಸರಿಯಾಗಿತ್ತು. ಬಡ್ಡಿ, ಕೂಲಿ, ಕರೆಂಟು, ತೆರಿಗೆ ಎಲ್ಲ ಹೋಗಿ ಕೈಯಲ್ಲಿ ಉಳಿಯುವುದು ನಾಲ್ಕೂವರೆ. ಲೆಕ್ಕದ ಪದ್ಧತಿ ಬದಲಾದರೆ ಅದು ಒಂದು ರೂಪಾಯಿಯೂ ಹೆಚ್ಚುವುದಿಲ್ಲ. ಅದಕ್ಕೇ ಬ್ಯಾಂಕಿನವರೂ ಸವಕಳಿಯನ್ನು ವಾಪಸ್ ಕೂಡಿಸಿಯೇ ಕಂತು ಕಟ್ಟುವ ಶಕ್ತಿ ಅಳೆಯುತ್ತಾರೆ. ಅಸಲಿನ ಕಂತು ವರ್ಷಕ್ಕೆ ಎರಡು ಲಕ್ಷ ನಲವತ್ತು ಸಾವಿರ. ಉಳಿದದ್ದರಲ್ಲಿ ಅಕ್ಕ ಹೆಚ್ಚು ಒಯ್ದರೆ ಸಾರ್ಟರಿಗೆ ಕೂಡಿಡುವುದು ಕಡಿಮೆಯಾಗುತ್ತದೆ. ಆ ಸಾರ್ಟರಿಗಾಗಿಯೇ ಮಾಣಿಕ ಎರಡು ವರ್ಷ ತನ್ನ ಪಾಲನ್ನು ಎತ್ತುವುದೇ ಇಲ್ಲ ಎಂದು ಆಗಲೇ ಬರೆಸಿದ್ದ.

"ಕೈಲೆ ಆರಿಸಿದ ಬ್ಯಾಳಿಗಿ ಹೈದರಾಬಾದಿನವ್ರು ಎರಡನೇ ನಂಬರಿನ ರೇಟು ಕೊಡ್ತಾರ್ರಿ. ಕರಿ ಕಾಳು ಒಂದು ಕಂಡ್ರೂ ಚೀಲಾನೇ ವಾಪಸ್. ಹತ್ತು ವರ್ಷ ಅವರ ಮುಂದ ಕೈಕಟ್ಟಿ ನಿಂತೇನಿ." ಅವನ ದನಿ ಏರಿತ್ತು. "ಉದಗೀರದಾಗ ಆ ಮಷೀನ ನೋಡಿ ಬಂದಾಗಿಂದ ನನಗ ಅದೇ ಧ್ಯಾನ."

"ನಾಲ್ಕನೇ ವರ್ಷಕ್ಕ ತಳ್ಳಿದ್ರ?" ಎಂದೆ.

ನಾನೇ ಲೆಕ್ಕ ಹಾಕಿ ನೋಡಿದೆ. ಆಗುವುದಿಲ್ಲ. ಕೂಡಿಟ್ಟದ್ದು ಸಾಲದೆ ಸಾರ್ಟರಿಗೆ ಹೊಸ ಸಾಲ ಮಾಡಿ, ಅದರ ಕಂತೂ ಸೇರಿಕೊಂಡರೆ ಕಾಜಲಳ ಕೊನೆಯ ವರ್ಷದ ಫೀಸಿಗೆ ದುಡ್ಡು ಉಳಿಯುವುದಿಲ್ಲ. ಹಳೆಯ ಸಾಲ ತೀರುವುದು ಐದನೇ ವರ್ಷ. ಸಾರ್ಟರ್ ಬರುವುದಾದರೆ ಆರನೇ ವರ್ಷಕ್ಕೆ ಬರಬೇಕು.

"ಆರಾ?" ಎಂದ ಮಾಣಿಕ. ಪಟ್ಟಿಯ ಪುಟವನ್ನು ಮತ್ತೆ ವರದಿಯೊಳಗೆ ಸೇರಿಸಿದ.

ಕಸ್ತೂರಿಬಾಯಿ ಸೆರಗು ಸರಿಮಾಡಿಕೊಂಡು ಎದ್ದರು. "ತಮ್ಮಾ, ನಿನ್ನ ಮಷೀನ ನೀ ತೊಗೊ. ಪೋರಿ ಮನ್ಯಾಗ ಕುಂತ್ರ ಸವಿಯಂಗಿಲ್ಲ." ಅದರಲ್ಲಿ ಚುಚ್ಚುಮಾತಿನ ಸೋಂಕೂ ಇರಲಿಲ್ಲ, ನಿಜವಾಗಿಯೂ ತಮ್ಮನ ಮನಸ್ಸು ಹಗುರ ಮಾಡಲೆಂದೇ ಹೇಳಿದರು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಬಡ್ಡಿ ಕೇಳದ ಅಕ್ಕನ ಮೇಲೆ, ಬಾಯಿಬಿಡದ ತಮ್ಮನ ಮೇಲೆ. "ಇವತ್ತು ಸಹಿ ಬ್ಯಾಡ. ನಾಳಿ ಶೆಡ್ ಅಳತಿ ತೊಗೊಳ್ಳಾಕ ಬರ್ತೇನಿ, ಅಲ್ಲೇ ಹೇಳ್ರಿ," ಎಂದು ಇಬ್ಬರನ್ನೂ ಕಳಿಸಿಬಿಟ್ಟೆ.

ಮರುದಿನ ಕೊಳಾರಕ್ಕೆ ಹೋದಾಗ ಮಾಣಿಕ ಖಾಲಿ ಶೆಡ್ಡಿನಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಿದ್ದ. ಕಾಳು ಹಸನು ಮಾಡುವ ಯಂತ್ರ ಇಲ್ಲಿ, ಸಿಪ್ಪೆ ಸುಲಿಯುವ ರೋಲರ್ ಇಲ್ಲಿ, ಒಡೆಯುವುದು ಇಲ್ಲಿ. ಭಾಲ್ಕಿಯ ತಮ್ಮನ ಮನೆಯಲ್ಲಿ ರಾತ್ರಿ ಉಳಿದಿದ್ದ ಕಸ್ತೂರಿಬಾಯಿ ಬಾಗಿಲ ಬಳಿ ಕಲ್ಲಿನ ಮೇಲೆ ಕುಳಿತಿದ್ದರು. ಕಿಟಕಿಯ ಪಕ್ಕ ಬೆಳಕು ಚೆನ್ನಾಗಿ ಬೀಳುವ ಜಾಗವನ್ನು ಅವನು ಖಾಲಿ ಬಿಟ್ಟಿದ್ದ.

"ಇದು?" ಎಂದೆ.

"ಇಲ್ಲಿ ಬ್ಯಾಳಿ ಆರಿಸೋ ಹೆಣ್ಣಮಕ್ಕಳು ಕುಂದರ್ತಾರ್ರಿ. ಐದು ವರ್ಷ." ನನ್ನ ಮುಖ ನೋಡದೆ ಮುಂದುವರಿಸಿದ. "ಸಾರ್ಟರ್ ಆರನೇ ವರ್ಷಕ್ಕ ಹಾಕ್ರಿ. ಸವಕಳಿ ವರ್ಷಕ್ಕ ಎರಡೇ ಲಕ್ಷ ಕಳಿರಿ. ಪಾಲುದಾರಿಕಿ ಪತ್ರದಾಗೂ ಬರೀರಿ, ನಾಳಿ ನನ್ನ ಮನಸ್ಸು ತಿರುಗಬಾರದು."

ಕಸ್ತೂರಿಬಾಯಿ ಏನೋ ಹೇಳಲು ಹೋದರು. ಅವನು ಆಗಲೇ ಫೋನ್ ಹಚ್ಚಿ ಸ್ಪೀಕರ್ ಮಾಡಿದ್ದ. "ಕಾಜಲ, ಮಾಮಾ ಮಾತಾಡ್ತೇನಿ. ಕಾಲೇಜಿನ ಫಾರಂ ತುಂಬು. ಇವತ್ತೇ."

ಆ ಕಡೆ ಯಾರ ಮನೆಯದೋ ಮಿಕ್ಸರ್ ಸದ್ದು ಕೇಳಿ ನಿಂತಿತು.

"ಮಾಮಾ, ಅವ್ವ ನಿನ್ನಿ ಸಂಜಿಗಿ ಫೋನ್ ಮಾಡಿ ಆಗಂಗಿಲ್ಲ ಅಂದ್ಳು. ರಾತ್ರಿ ಚಿದ್ರಿಯವ್ರ ಫೋನ್ ಬಂದಿತ್ತು. ನಾ ಹ್ಞೂಂ ಅಂದುಬಿಟ್ಟೇನಿ."

ಮಾಣಿಕ ಅಕ್ಕನನ್ನು ನೋಡಿದ. ಅಕ್ಕ ತಲೆ ತಗ್ಗಿಸಿದರು. ಒಂದೇ ರಾತ್ರಿ ಕಾದಿದ್ದರೆ! ಸಹಿ ನಾಳೆಗೆ ತಳ್ಳಿದವಳು ನಾನೇ, ಆ ರಾತ್ರಿಯನ್ನು ನಡುವೆ ತಂದವಳು ನಾನೇ.

"ನೀ ಹ್ಞೂಂ ಅಂದ್ರ ಆಯ್ತೇನು?" ಎಂದ ಮಾಣಿಕ. "ನಿನ್ನ ಕೈ ಹಿಡಿದು ಮಂಟಪಕ್ಕ ಕರಕೊಂಡು ಬರಾಂವ ಸೋದರಮಾಮಾ. ನಾ ಇನ್ನೂ ಹ್ಞೂಂ ಅಂದಿಲ್ಲ. ಚಿದ್ರಿ ಇಲ್ಲೇ ಅದ, ನಾನೇ ಹೋಗಿ ಕಾಲು ಹಿಡಿದು ಹೇಳ್ತೇನಿ. ಬೈದ್ರ ಬೈಸ್ಕೋತೇನಿ. ನೀ ಫಾರಂ ತುಂಬು."

"ಮಾಮಾ, ನಿಮ್ಮ ಮಷೀನು?"

"ನಿನಗ್ಯಾರು ಹೇಳಿದ್ರು ಅದು?"

"ಉದಗೀರದ ವಿಡಿಯೋ ನಂಗೇ ಹತ್ತು ಸಲ ತೋರಿಸಿದ್ರಲ್ಲ."

ಮಾಣಿಕ ಫೋನನ್ನು ಅಕ್ಕನ ಕೈಗಿಟ್ಟು ಹೊರಗೆ ನಡೆದ. ಮೋಟರ್‌ಸೈಕಲ್ ಒದ್ದ ಸದ್ದು ಕೇಳಿತು. ಕಸ್ತೂರಿಬಾಯಿ ಫೋನನ್ನು ಕಿವಿಗೆ ಹಿಡಿಯಲೂ ಮರೆತು, ಬೆಳಕಿನ ಆ ಖಾಲಿ ಜಾಗಕ್ಕೆ ಹೋಗಿ ನೆಲದ ಮೇಲೆ ಕುಳಿತರು. ಅಳುತ್ತಲೇ, "ಆರಿಸೋರ್ದು ಎಷ್ಟು ಮಂದಿ ಪಗಾರ ಹಿಡಿದೀರಿ?" ಎಂದು ನನ್ನನ್ನು ಕೇಳಿದರು.

"ನಾಲ್ಕು ಮಂದಿದು."

"ಮೂರು ಮಾಡ್ರಿ. ಒಬ್ಬಾಕಿ ನಾ."

ಪಾಲುದಾರರೂ ಪಗಾರ ತೊಗೊಳ್ಳಬಹುದು ಎಂದು ಹೇಳಲು ಬಾಯಿ ತೆರೆದೆ. ಅವರ ಮುಖ ನೋಡಿ ಅಳತೆಯ ಟೇಪಿನ ತುದಿಯನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಕಿಟಕಿಯ ಗೋಡೆಗೆ ಒತ್ತಿ ಹಿಡಿದರು, ನಾನು ಎಳೆಯುತ್ತ ಹಿಂದೆ ಸರಿದೆ.