ಬೈಯುವ ಗೋಡೆ

ಅತ್ತಿಗೆಯ ಹೋಂಸ್ಟೇ ಬಗ್ಗೆ ಅತಿಥಿಯೊಬ್ಬರು ಬುಕಿಂಗ್ ಆ್ಯಪ್‌ನಲ್ಲಿ ಬರೆದದ್ದು ಎರಡೇ ವಾಕ್ಯ. "ಮನೆ ಚೆನ್ನಾಗಿದೆ. ಗೋಡೆ ಬೈಯುತ್ತದೆ."

ಗೋಡೆಯ ಮೇಲಿದ್ದದ್ದು ಅತ್ತಿಗೆಯೇ ಬರೆದ ನಿಯಮಗಳು. ಹತ್ತರ ಮೇಲೆ ಶಬ್ದ ಮಾಡಬಾರದು. ಚಪ್ಪಲಿ ಒಳಗೆ ತರಬಾರದು. ಬಿಸಿನೀರು ಪೋಲು ಮಾಡಬಾರದು. ಟವೆಲ್ ಒಯ್ಯಬಾರದು. ಅದಕ್ಕೂ ಮುಂಚೆ ಇನ್ನಿಬ್ಬರು ಇದೇ ಗೊಣಗಿದ್ದರು. ಇನ್ನೊಂದು ದೂರು ಬಂದರೆ ಮನೆಯನ್ನು ಪಟ್ಟಿಯಿಂದ ತೆಗೆಯುತ್ತೇವೆ ಎಂದು ಆ್ಯಪ್‌ನವರು ಪತ್ರ ಕಳಿಸಿದರು. ಹೊಲಿಗೆ ಕೆಲಸ ಬಿಟ್ಟು ಮಹಡಿಯ ಕೋಣೆಯನ್ನೇ ನಂಬಿ ಕೂತಿದ್ದ ಅತ್ತಿಗೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

"ನೀನು ಸಂಜೆ ಕ್ಲಾಸಿಗೆ ಹೋಗಿ ಇಂಗ್ಲಿಷ್ ಕಲ್ತಿದ್ದೀಯಲ್ಲ, ಎರಡೂ ಭಾಷೇಲಿ ನಯವಾಗಿ ಬರಿ" ಎಂದರು.

ನಾನು ಮೂರು ಸಂಜೆ ಬರೆದು ಹರಿದೆ. ಅತ್ತಿಗೆಯ ಕನ್ನಡವನ್ನು ತಿದ್ದುವ ಧೈರ್ಯ ಮಾತ್ರ ಬರಲಿಲ್ಲ. ಅದನ್ನು ಹಾಗೇ ಎಡಗಡೆ ಇಳಿಸಿ, ನಯವನ್ನೆಲ್ಲ ಬಲಗಡೆಯ ಇಂಗ್ಲಿಷಿಗೆ ಸುರಿದೆ. ಅತ್ತಿಗೆಗೆ ಇಂಗ್ಲಿಷ್ ಓದಲು ಬಾರದು.

"ನಂದು ನಾಲ್ಕು ಪದ, ನಿಂದು ನಾಲ್ಕು ಸಾಲು. ಯಾಕೆ?"

"ಇಂಗ್ಲಿಷಿಗೆ ಜಾಗ ಜಾಸ್ತಿ ಬೇಕು ಅತ್ತಿಗೆ" ಎಂದೆ.

ಹಳೆಯದನ್ನು ಕಿತ್ತು ಹೊಸ ಹಾಳೆಯನ್ನು ಕೋಣೆಯ ಗೋಡೆಗೆ ಅಂಟಿಸಿದ ದಿನವೇ ದಂಪತಿಗಳು ಬಂದರು. ಗಂಡನಿಗೆ ಓದಲು ಬರುವುದು ಕನ್ನಡ ಮಾತ್ರ. ಹೆಂಡತಿ ಬೇರೆಡೆ ಬೆಳೆದವಳು. ಕನ್ನಡ ಪಟಪಟ ಮಾತಾಡುತ್ತಾಳೆ, ಓದುವುದು ಇಂಗ್ಲಿಷ್.

ಸಂಜೆಯಿಂದಲೇ ಆ ಕೋಣೆಯಲ್ಲಿ ಎರಡು ಮನೆ ಶುರುವಾಯಿತು. ಗಂಡ ಚಪ್ಪಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಕ್ಕಿನ ಹೆಜ್ಜೆಯಲ್ಲಿ ಮೆಟ್ಟಿಲು ಹತ್ತಿದ. ಹೆಂಡತಿ ಶೂ ಹಾಕಿಕೊಂಡೇ ಟಕಟಕ ಹತ್ತಿ, ಮುಕ್ಕಾಲು ಗಂಟೆ ಬಿಸಿನೀರಲ್ಲಿ ನೆನೆದು, ಹತ್ತು ದಾಟಿದರೂ ಎತ್ತರದ ದನಿಯಲ್ಲಿ ಹಾಡುತ್ತಲೇ ಇದ್ದಳು.

ಬೆಳಿಗ್ಗೆ ಅತ್ತಿಗೆ ಚಹಾ ತಂದಾಗ ತಿಂಡಿ ಮೇಜಿನಲ್ಲಿ ಜಗಳ ಕುದಿಯುತ್ತಿತ್ತು. ತಟ್ಟೆ ಇಡುತ್ತಿದ್ದ ನಾನು ಕೈ ಹಿಂದಕ್ಕೆ ತೆಗೆದೆ.

"ರಾತ್ರಿಯೆಲ್ಲ ಹಾಡ್ತಾ ಕೂತ್ಯಲ್ಲ, ಶಬ್ದ ಮಾಡಬಾರದು ಅಂತ ಅಲ್ಲೇ ಬರ್ದಿದೆ ಕಣೇ!" ಎಂದ ಗಂಡ ಪಿಸುದನಿಯಲ್ಲಿ.

"ನನ್ನ ಕಡೆ, ನಿಮ್ಮ ನಗು ಹಾಡುಗಳಿಂದ ನಮ್ಮ ಮನೆ ತುಂಬಲಿ ಅಂತಿದೆ!"

"ಬಿಸಿನೀರು ಪೋಲು ಮಾಡಬಾರದು."

"ಬಿಸಿನೀರಲ್ಲಿ ದಣಿವಾರಿಸಿಕೊಳ್ಳಿ ಅಂತಿದೆ. ಅವರು ಹೇಳಿದ್ದನ್ನೇ ಮಾಡಿದ್ದೀನಿ. ನಿಮಗೆ ಸುಖ ಅಂದ್ರೆ ಆಗಲ್ಲ."

ಅತ್ತಿಗೆ ಚಹಾ ಇಟ್ಟು ನನ್ನತ್ತ ತಿರುಗಿದರು. "ಜಾಗ ಜಾಸ್ತಿ ಬೇಕಾಗಿದ್ದು ಇದಕ್ಕಾ?"

ಅವರ ಕನ್ನಡ ತಿದ್ದಲು ಹೆದರಿ ಇಂಗ್ಲಿಷಿನಲ್ಲಿ ಬೇರೆಯೇ ಬರೆದೆ ಎಂದು ಒಪ್ಪಿಕೊಂಡೆ. ಈ ಜಗಳ ಆ್ಯಪ್‌ಗೆ ಹೋದರೆ ಅತ್ತಿಗೆಯ ಕೋಣೆ ಮುಗಿಯಿತು ಎಂದೂ ಗೊತ್ತಿತ್ತು.

ಅತ್ತಿಗೆ ಗೋಡೆಯ ಹಾಳೆ ತರಿಸಿ, ಗಂಡನಿಗೆ "ನನ್ನ ಕಡೇದು ಓದಿ" ಎಂದರು. ಪಾಪ, ಅವನು ಶಾಲೆಯ ಹುಡುಗನಂತೆ ನಿಂತುಕೊಂಡೇ ಓದಿದ. ಕೇಳುತ್ತಾ ಕೇಳುತ್ತಾ ಅತ್ತಿಗೆಯ ಮುಖ ಇಳಿಯಿತು.

"ಇದು ನಾನಾ? ಥೇಟ್ ನಮ್ಮಪ್ಪ ಬೈದ ಹಾಗಿದೆಯಲ್ಲ."

"ಹತ್ತರ ಮೇಲೆ ಯಾಕೆ ಸದ್ದು ಬೇಡ ಅಕ್ಕ?" ಎಂದು ಹೆಂಡತಿ ಕೇಳಿದಳು.

"ಕೆಳಗಿನ ಕೋಣೇಲಿ ನಮ್ಮ ಅಜ್ಜಿ ಮಲಗ್ತಾರೆ. ಎದ್ದರೆ ಅವರ ಮದುವೆ ಕತೆ ಮೊದಲಿಂದ ಶುರು. ನಿನ್ನೆ ನಿಮ್ಮ ಹಾಡಿಗೆ ಎದ್ದು ನನಗೆ ನಿಶ್ಚಿತಾರ್ಥದವರೆಗೆ ಹೇಳಿದ್ದಾರೆ."

"ಹಾಗಂತಲೇ ಬರೀರಿ! ಗೊತ್ತಿದ್ದರೆ ನಾನು ಉಸಿರೂ ಬಿಡ್ತಿರಲಿಲ್ಲ."

ಮೇಜು ಒರೆಸಿ ನಾಲ್ವರೂ ಕೂತೆವು. ಬೇಡ ಅನ್ನುವ ಬದಲು ಏನು ಮಾಡಬಹುದು, ಯಾಕೆ ಎಂದು ಬರೆದೆವು. "ಹತ್ತು ಗಂಟೆಯ ಮೇಲೆ ಮೆಲ್ಲಗೆ ಮಾತಾಡಿ, ಕೆಳಗೆ ಅಜ್ಜಿ ಮಲಗಿರುತ್ತಾರೆ." "ಚಪ್ಪಲಿ, ಶೂಗಳಿಗೆ ಮೆಟ್ಟಿಲ ಕೆಳಗೆ ಗೂಡು ಇದೆ. ಒಳಗೆ ಓಡಾಡಲು ಮೆತ್ತನೆಯ ಚಪ್ಪಲಿ ಅಲ್ಲೇ ಇಟ್ಟಿದ್ದೇವೆ." "ಗೀಸರ್‌ನಲ್ಲಿ ಒಂದು ಸಲಕ್ಕೆ ಎರಡು ಬಕೆಟ್ ಬಿಸಿನೀರು ಬರುತ್ತದೆ; ಮತ್ತೆ ಕಾಯಲು ಇಪ್ಪತ್ತು ನಿಮಿಷ ಬಿಡಿ." ಒಂದೊಂದು ಸಾಲಿನ ಇಂಗ್ಲಿಷನ್ನೂ ಹೆಂಡತಿ ಓದಿ ಕನ್ನಡದಲ್ಲಿ ಹೇಳಿದಳು, ಗಂಡ ಎಡಗಡೆ ಬೆರಳಿಟ್ಟು ತಾಳೆ ನೋಡಿದ. ಎರಡೂ ಕಡೆ ಒಂದೇ ಮನೆ ಕಂಡ ಮೇಲೆಯೇ ಮುಂದಿನ ಸಾಲು.

ಟವೆಲ್ ಬಂದಾಗ ಅತ್ತಿಗೆ ಬಿಗಿಯಾದರು. "ಇದು ಮಾತ್ರ ಹಾಗೇ ಇರಲಿ. ಹೋದ ತಿಂಗಳು ಮೂರು ಹೋಗಿವೆ."

ತಡವರಿಸುತ್ತಾ ಹೇಳಿದೆ: "ನಮ್ಮ ಟವೆಲುಗಳಿಗೆ ಊರು ಬಿಟ್ಟು ಅಭ್ಯಾಸವಿಲ್ಲ, ಇಲ್ಲೇ ಬಿಟ್ಟು ಹೋಗಿ."

ಅತ್ತಿಗೆ ನಗು ತಡೆಯಲು ನೋಡಿದರು, ಆಗಲಿಲ್ಲ. ಅಷ್ಟರಲ್ಲಿ ಹನ್ನೊಂದೂವರೆ. ಹನ್ನೊಂದಕ್ಕೆ ಕೋಣೆ ಖಾಲಿ ಮಾಡಿಸಬೇಕಾದ ಅತ್ತಿಗೆಯೇ ಅವರಿಗೆ ಎರಡನೇ ಚಹಾ ಬಗ್ಗಿಸುತ್ತಿದ್ದರು.

ಅವರು ಹೋದ ಮೇಲೆ ಹಾಸಿಗೆ ಬದಲಿಸುತ್ತಾ ಟವೆಲ್ ಎಣಿಸಿದೆ. ಒಂದು ಹೆಚ್ಚಿತ್ತು, ನೀಲಿಯದು, ಅವರದೇ. ಗಾಬರಿಯಾಗಿ ಫೋನ್ ಮಾಡಿದೆ.

"ಇರಲಿ ಬಿಡಿ" ಎಂದಳು ಹೆಂಡತಿ. "ನಮ್ಮದಕ್ಕೆ ಊರು ಬಿಟ್ಟು ಅಭ್ಯಾಸವಾಗಲಿ. ಮುಂದಿನ ತಿಂಗಳು ಬಂದು ಕರ್ಕೊಂಡು ಹೋಗ್ತೀವಿ, ಕೋಣೆ ಹಿಡಿದಿಡಿ."

ಸಂಜೆ ಆ್ಯಪ್‌ನಲ್ಲಿ ಅವರ ಮಾತು ಬಂತು. ಅತ್ತಿಗೆ ನನ್ನಿಂದ ಎರಡು ಸಲ ಓದಿಸಿದರು. "ಮನೆ ಚೆನ್ನಾಗಿದೆ. ಗೋಡೆ ಕಾರಣ ಹೇಳುತ್ತದೆ. ಅಜ್ಜಿಯ ಮದುವೆ ಕತೆ ಬಾಕಿ ಇದೆ."