ಅಣ್ಣಯ್ಯಪ್ಪನ ಲವಂಗ

"ಅಕ್ಕಾ, ಒಂದು ಅಣ್ಣಯ್ಯಪ್ಪನ್ನ ಒಳ್ಳೇವ್ನಾಗಿ ಮಾಡಿ, ಇಲ್ಲಾ ಸಾಯ್ಸಿಬಿಡಿ," ಅಂದ ಬಸವಪ್ರಭು. ಕುಣಿಗಲ್‌ನಲ್ಲಿ ಪ್ರೆಸ್ ಇಟ್ಟುಕೊಂಡು ಪುಸ್ತಕ ಪ್ರಕಟಿಸುವ ಮನುಷ್ಯ. ಹೇಳಬೇಕಾದ್ದನ್ನು ಹೇಳಿ ಮುಗಿಸಿ, ಏನೂ ಆಗದವನಂತೆ ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡ.

ದಾಕ್ಷಾಯಣಿಗೆ ಮೈಯೆಲ್ಲ ಉರಿದುಹೋಯಿತು. ಅವಳು ತುಮಕೂರಿನ ಕೋರ್ಟಿನಲ್ಲಿ ವಕೀಲೆ. ಹಗಲೆಲ್ಲ ಕರಿಕೋಟು, ಬೆಳಗಿನ ಜಾವ ಅಣ್ಣಯ್ಯಪ್ಪ. ಒಂಬತ್ತು ವರ್ಷದಲ್ಲಿ ಅವನ ಮೇಲೆ ಐದು ಕಾದಂಬರಿ ಬರೆದಿದ್ದಾಳೆ. ಪೊಲೀಸ್ ಕೆಲಸ ಬಿಟ್ಟು ಪತ್ತೇದಾರಿಕೆಗೆ ಇಳಿದವನು, ಗುಬ್ಬಿ ಗೇಟ್ ಹತ್ತಿರ ಸೈಕಲ್ ಅಂಗಡಿಯ ಮೇಲಿನ ರೂಮಿನಲ್ಲಿ ಇರುವವನು. ಕೇಸು ಹಿಡಿದ ಮನೆಯಲ್ಲಿ ಮೊದಲು ಒಂದು ಲೋಟ ನೀರು ಕೇಳಿ ಕುಡಿಯುತ್ತಾನೆ. "ನೀರು ಕುಡಿದ ಮನೆಗೆ ಎರಡು ಬಗೆಯೋದಿಲ್ಲ" ಅನ್ನುವುದು ಅವನ ಮಾತು. ಮಾತು ಚೆನ್ನಾಗಿದೆ, ಆಸಾಮಿ ಮಾತ್ರ ಅಷ್ಟು ಚೆನ್ನಾಗಿಲ್ಲ. ಪ್ರತಿ ಪುಸ್ತಕದಲ್ಲೂ ಅಪರಾಧಿಯನ್ನು ಹಿಡಿಯುತ್ತಾನೆ, ಜೊತೆಗೆ ತಾನೇ ಜಡ್ಜ್ ಆಗಿ ಯಾರೋ ಒಬ್ಬರನ್ನು ಬಿಟ್ಟುಬಿಡುತ್ತಾನೆ.

"ಯಾಕಪ್ಪಾ, ಏನ್ ಮಾಡ್ದ ನಮ್ಮ ಅಣ್ಣಯ್ಯಪ್ಪ?"

"ಅದೇ ನೀರು, ಅದೇ ಲವಂಗ, ಅದೇ ಒಬ್ಬನ್ನ ಬಿಟ್ಬಿಡೋದು. ಓದೋರಿಗೆ ಅಭ್ಯಾಸ ಆಗೋಗಿದೆ ಅಕ್ಕಾ. ತಪ್ಪು ಮಾಡಿದ್ರೂ 'ನಮ್ಮಣ್ಣಯ್ಯಪ್ಪ ಹಂಗೇ ಬುಡು' ಅಂತ ನಗ್ತಾರೆ. ಭಾನುವಾರ ಗುಬ್ಬೀಲಿ ಓದುಗರ ಸಭೆ ಇದೆಯಲ್ಲ, ಅಲ್ಲೇ ಹೇಳ್ಬಿಡ್ತೀನಿ, ಆರನೇದೇ ಕೊನೇದು ಅಂತ."

ದಾಕ್ಷಾಯಣಿ ಚಕ್ಕುಲಿ ತಟ್ಟೆಯನ್ನು ಅವನ ಮುಂದಿನಿಂದ ಎಳೆದುಕೊಂಡಳು. ಅವನು ಹೇಳಿದ್ದರಲ್ಲಿ ನಿಜವಿತ್ತು, ಅದೇ ಅವಳಿಗೆ ಹೊಟ್ಟೆ ಉರಿಸಿದ್ದು. ಗುಣದಲ್ಲಿ ಕಪ್ಪು ಕಲೆ ಇರುವ ಮನುಷ್ಯನನ್ನು ಕಟ್ಟುತ್ತೇನೆ ಅಂತ ಹೊರಟವಳು ಅವಳು. ಈಗ ನೋಡಿದರೆ ಆ ಕಲೆಯೇ ಅವನಿಗೆ ಒಡವೆ ಆಗಿಹೋಗಿತ್ತು. ತಪ್ಪು ಮಾಡಿದವನಿಗೆ ಅದರ ಬಿಸಿ ತಟ್ಟದಿದ್ದರೆ ಓದುವವರಿಗೂ ತಟ್ಟುವುದಿಲ್ಲ. ಹಾಗಂತ ಅವನನ್ನು ಕೊಲ್ಲುವುದೆ? ಒಂಬತ್ತು ವರ್ಷ ಒಂದೇ ಮನೆಯಲ್ಲಿ ಇದ್ದವನಂತೆ ಇದ್ದಾನೆ. ಅವನಿಲ್ಲದ ಬೆಳಗಿನ ಜಾವದಲ್ಲಿ ತಾನೇನು ಮಾಡುವುದು ಅನ್ನುವುದೇ ಅವಳಿಗೆ ತೋಚಲಿಲ್ಲ.

ಗುಬ್ಬಿಯ ಸಭೆಗೆ ಅರವತ್ತು ಎಪ್ಪತ್ತು ಜನ ಸೇರಿದ್ದರು. ಬಸವಪ್ರಭು ಮೈಕ್ ಹಿಡಿದು ಬಾಯಿ ತೆರೆಯುವುದಕ್ಕೆ ಮುಂಚೆಯೇ ಮುಂದಿನ ಸಾಲಿನಿಂದ ಕೌಸಲ್ಯಮ್ಮ ಎದ್ದು ನಿಂತರು. ಹೈಸ್ಕೂಲಿನ ಹೆಡ್‌ಮಿಸ್ ಆಗಿ ನಿವೃತ್ತರಾದವರು, ಆ ಓದುಗರ ಬಳಗ ಕಟ್ಟಿದವರೇ ಅವರು. ಅವರು ಎದ್ದರೆ ಹಾಲ್ ತಾನಾಗಿ ಸುಮ್ಮನಾಗುತ್ತದೆ.

"ದಾಕ್ಷಾಯಣಿ, ಒಂದು ವಿಷ್ಯ ಕೇಳ್ತೀನಿ, ತಪ್ಪು ತಿಳ್ಕೋಬೇಡ ಕಣಮ್ಮ. ನಿನ್ನ ಅಣ್ಣಯ್ಯಪ್ಪ ಸುಳ್ಳು ಹೇಳುವಾಗ ಮಾತ್ರ ಬಾಯಿಗೆ ಲವಂಗ ಹಾಕ್ಕೋತಾನೆ. ಹೌದೋ ಅಲ್ವೋ?"

ದಾಕ್ಷಾಯಣಿಗೆ ಎದೆ ತುಂಬಿ ಬಂತು. ಅದು ಅವಳು ಯಾರಿಗೂ ಹೇಳಿರದ ಗುಟ್ಟು. ಮೊದಲ ಪುಸ್ತಕದಲ್ಲಿ ಲವಂಗ ಬಂದದ್ದು ಬೀಡಿ ಬಿಡಿಸುವುದಕ್ಕೆ. ಆಮೇಲೆ ತಿರುಗಿ ಓದಿದಾಗ, ಲವಂಗ ಬಂದ ಎರಡು ಕಡೆಯೂ ಅವನು ಸುಳ್ಳು ಹೇಳಿದ್ದ. ಎರಡನೆಯ ಪುಸ್ತಕದಿಂದ ಅದನ್ನೇ ಕಟ್ಟುಪಾಡು ಮಾಡಿಕೊಂಡಳು. ಎಲ್ಲಿಯೂ ಬಾಯಿಬಿಟ್ಟು ಬರೆಯಲಿಲ್ಲ. ಸುಮ್ಮನೆ ಅದನ್ನೇ ಮಾಡುತ್ತಾ ಹೋದರೆ ಓದುವವರ ಮನಸ್ಸು ತಾನಾಗಿ ಕಲಿಯುತ್ತದೆ ಅಂತ ನಂಬಿದ್ದಳು. ನೋಡಿ, ಒಬ್ಬರಾದರೂ ಕಲಿತಿದ್ದಾರಲ್ಲ!

"ಹೌದು ಮೇಡಂ," ಅಂದಳು, ನಗುತ್ತಾ.

"ಹಂಗಾದ್ರೆ ಐದನೇ ಪುಸ್ತಕದಲ್ಲಿ ಅಮೃತೂರಿನ ಆ ಗಂಗಲಕ್ಷ್ಮಮ್ಮನ ಮುಂದೆ ಯಾಕೆ ಹಾಕ್ಕೊಂಡ?"

ದಾಕ್ಷಾಯಣಿಯ ನಗು ಅಲ್ಲೇ ನಿಂತಿತು.

ಐದನೆಯ ಪುಸ್ತಕದಲ್ಲಿ ಗಂಗಲಕ್ಷ್ಮಮ್ಮನ ಮಗ ಅಂತರಸನಹಳ್ಳಿಯ ಒಂದು ಫ್ಯಾಕ್ಟರಿ ಗೇಟಿನಲ್ಲಿ ಲಾರಿ ಹರಿದು ಸಾಯುತ್ತಾನೆ. "ಯಾರ್ದಾದ್ರೂ ತಪ್ಪಿತ್ತಾ ಸ್ವಾಮಿ?" ಅಂತ ತಾಯಿ ಕೇಳುತ್ತಾಳೆ. "ಇಲ್ಲ ಕಣಮ್ಮ, ಸೀಟಲ್ಲಿ ಯಾರೂ ಇರ್ಲಿಲ್ಲ, ಲಾರಿ ತಾನೇ ಉರುಳ್ತು" ಅನ್ನುತ್ತಾನೆ ಅಣ್ಣಯ್ಯಪ್ಪ. ಆ ಮಾತು ದಾಕ್ಷಾಯಣಿಯ ಲೆಕ್ಕದಲ್ಲಿ ನಿಜವೇ. ಆದರೆ ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ಸಣ್ಣ ಬಿಡುವು ಬೇಕಿತ್ತು, ಕೈ ತಪ್ಪಿ ಅವನ ಬಾಯಿಗೆ ಲವಂಗ ಹಾಕಿಬಿಟ್ಟಿದ್ದಳು. ಅಯ್ಯೋ ಶಿವನೇ, ತಾನೇ ಹಾಕಿಕೊಂಡ ಕಟ್ಟುಪಾಡನ್ನು ತಾನೇ ಮುರಿದಿದ್ದಳು.

"ನಂಗೆ ಮೂರು ದಿನ ಊಟ ಸೇರ್ಲಿಲ್ಲ," ಕೌಸಲ್ಯಮ್ಮನ ದನಿ ಗಡುಸಾಯಿತು. "ಮಗನ್ನ ಕಳ್ಕೊಂಡ ಸಂಕಟದಲ್ಲೂ ಆ ತಾಯಿ ಅವನಿಗೆ ಬೆಲ್ಲ ನೀರು ಕೊಟ್ಳು. ಅಂಥೋಳಿಗೆ ಸುಳ್ಳು ಹೇಳಿದ್ನಲ್ಲ! ಯಾರನ್ನ ಕಾಯೋಕೆ?"

ತಪ್ಪಾಯಿತು, ಅಚ್ಚಾಗುವಾಗ ನೋಡಲಿಲ್ಲ ಅನ್ನಬಹುದಿತ್ತು. ಹಾಗಂದಿದ್ದರೆ ಎಲ್ಲರೂ ನಗುತ್ತಿದ್ದರು, ಬಸವಪ್ರಭು ಎದ್ದು ಸರಣಿಗೆ ಮಂಗಳ ಹಾಡುತ್ತಿದ್ದ. ದಾಕ್ಷಾಯಣಿ ಕರಿಕೋಟಿನ ಹೆಂಗಸು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

"ಯಾರಾದ್ರೂ ಕೇಳ್ತಾರಾ ಅಂತ ಒಂದು ವರ್ಷದಿಂದ ಕಾಯ್ತಿದೀನಿ ಮೇಡಂ," ಅಂದಳು. "ಆರನೇ ಪುಸ್ತಕ ಅದರ ಮೇಲೇ."

ಹಾಲ್ ಗುಜುಗುಜು ಅಂತು. ಬಸವಪ್ರಭು ಕೈಲಿದ್ದ ಮೈಕನ್ನು ನಿಧಾನವಾಗಿ ಟೇಬಲ್ ಮೇಲೆ ಇಟ್ಟ.

ವಾಪಸ್ ಬರುವಾಗ ಕಾರಿನಲ್ಲಿ ಅವನು ಹೇಳಿದ, "ನಂಗೂ ಒಂದು ಮಾತು ಹೇಳ್ಲಿಲ್ವಲ್ಲ ಅಕ್ಕಾ. ಸರಿ, ಬರೀರಿ. ಕೌಸಲ್ಯಮ್ಮನೋರು ಓದಿ ಒಪ್ಪಿದ್ರೆ ಏಳನೇದೂ ಮಾಡೋಣ. ಒಪ್ಪದಿದ್ರೆ ಅಣ್ಣಯ್ಯಪ್ಪನ ತಿಥಿ." ದಾಕ್ಷಾಯಣಿ ಹೂಂ ಅಂದಳು. ಹೂಂ ಅಂದವಳ ತಲೆಯಲ್ಲಿ ಕಥೆಯ ಒಂದು ಎಳೆಯೂ ಇರಲಿಲ್ಲ.

ಮಾರನೆಯ ಬೆಳಗ್ಗೆ ಪೆನ್ಸಿಲ್ ಹಿಡಿದು ಐದೂ ಪುಸ್ತಕ ಓದಲು ಕೂತಳು. ಅಚ್ಚಾದದ್ದನ್ನು ಅಳಿಸುವ ಹಾಗಿಲ್ಲ. ಸರಣಿ ಬರೆಯುವವರ ಪಾಡೇ ಅದು, ಹಳೆಯ ಪುಸ್ತಕವೇ ಎದುರು ಪಕ್ಷದ ವಕೀಲ. ಐದನೆಯದರಲ್ಲಿ ಆ ಲಾರಿಯ ಜಾಗಕ್ಕೆ ಬಂದವಳು ಕುರ್ಚಿಯಲ್ಲೇ ನೆಟ್ಟಗಾದಳು. "ಸೀಟಲ್ಲಿ ಯಾರೂ ಇರಲಿಲ್ಲ" ಅನ್ನುವ ಮಾತು ಅಣ್ಣಯ್ಯಪ್ಪನ ಬಾಯಲ್ಲಿ ಮಾತ್ರ ಇತ್ತು. ಕಥೆ ಹೇಳುವ ದನಿ ಎಲ್ಲಿಯೂ ಹಾಗಂದಿರಲಿಲ್ಲ. ಸಾಕ್ಷಿ ಹೇಳಿದ್ದು ಬೇರೆ, ನಡೆದದ್ದು ಬೇರೆ! ಕೋರ್ಟಿನಲ್ಲಿ ದಿನಾ ಹೇಳುವ ಮಾತು ತನ್ನ ಕಥೆಗೇ ಒದಗಿ ಬಂದಿತ್ತು.

ಹಾಗಾದರೆ ಸೀಟಿನಲ್ಲಿ ಇದ್ದವನು ಯಾರು?

ಉತ್ತರ ಎರಡು ಪುಟ ಹಿಂದೆಯೇ ಟೀ ಕುಡಿಯುತ್ತಾ ನಿಂತಿತ್ತು. ಕದರಯ್ಯ! ಲಾರಿ ಡ್ರೈವರ್. ಮೊದಲ ಪುಸ್ತಕದಲ್ಲಿ, ಕುಡಿದು ಗಾಡಿ ಓಡಿಸಿ ಒಬ್ಬನ ಕಾಲು ಮುರಿದವನು. ಪುಟ್ಟ ಹೆಣ್ಣುಮಕ್ಕಳ ಮುಖ ನೋಡಿ ಅಣ್ಣಯ್ಯಪ್ಪ ಅವನನ್ನು ಬಿಟ್ಟಿದ್ದ. ಓದುಗರು ಕಣ್ಣೊರೆಸಿಕೊಂಡಿದ್ದರು. ಮೂರನೆಯದರಲ್ಲಿ ಆ ಋಣ ತೋರಿಸಿಯೇ ಅವನನ್ನು ಸುದ್ದಿ ತರುವ ಆಳು ಮಾಡಿಕೊಂಡ. ನಾಲ್ಕನೆಯದರಲ್ಲಿ ಅವನ ಕೈಲಿ ಸುಳ್ಳು ಸಾಕ್ಷಿ ಹೇಳಿಸಿದ. ಕರುಣೆ ಅಂತ ಶುರುವಾದದ್ದು ಹಂಗಾಯಿತು, ಹಂಗು ಅಪರಾಧವಾಯಿತು. ಬರೆದವಳಿಗೇ ಅದು ಕಂಡಿರಲಿಲ್ಲ. ಐದನೆಯದರಲ್ಲಿ ಓದುಗರಿಗೆ ಅವನು ಇಷ್ಟ ಅಂತ ಎರಡು ಸಾಲು ಸೇರಿಸಿದ್ದಳು: ಅಂತರಸನಹಳ್ಳಿಗೆ ಲೋಡ್ ತಂದವನು ಗೇಟಿನ ಎದುರು ಟೀ ಕುಡಿಯುತ್ತಿದ್ದ, ಅಷ್ಟೆ. ಅಂದು ಅಣ್ಣಯ್ಯಪ್ಪ ಬಿಟ್ಟ ಕುಡುಕನೇ ಇಂದು ಆ ಹುಡುಗನನ್ನು ಕೊಂದಿದ್ದಾನೆ. ಅದು ಆಚೆ ಬಂದರೆ ತನ್ನ ಬಣ್ಣವೂ ಬಯಲಾಗುತ್ತದೆ ಅಂತಲೇ ಅಣ್ಣಯ್ಯಪ್ಪ ಆ ತಾಯಿಗೆ ಸುಳ್ಳು ಹೇಳಿದ್ದಾನೆ. ಮಾಡಿದ್ದುಣ್ಣೋ ಮಹರಾಯ!

ದಾಕ್ಷಾಯಣಿಗೆ ಅಳುವೂ ಬಂತು, ಖುಷಿಯೂ ಆಯಿತು. ಎರಡನ್ನೂ ತಡೆಯದೆ ಬರೆಯಲು ಕೂತಳು.

ಕೊನೆಯ ಭಾಗ ಮಾತ್ರ ಬಿಸಿತುಪ್ಪವಾಯಿತು. ಮೊದಲು ಅಣ್ಣಯ್ಯಪ್ಪ ಗಂಗಲಕ್ಷ್ಮಮ್ಮನ ಕಾಲಿಗೆ ಬಿದ್ದು ಗೊಳೋ ಅಂತ ಅತ್ತು ಎಲ್ಲ ಒಪ್ಪಿಕೊಳ್ಳುವಂತೆ ಬರೆದಳು. ಓದಿದರೆ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೆ ಕಾಲಿಗೆ ಬಿದ್ದವನು ಅಣ್ಣಯ್ಯಪ್ಪ ಅಲ್ಲ, ಯಾವನೋ ಬೇರೆಯವನು. ಐದು ಪುಸ್ತಕದಲ್ಲಿ ತಾನೇ ನ್ಯಾಯಾಧೀಶನಾಗಿ ಮೆರೆದವನು ಒಂದು ಅಧ್ಯಾಯದಲ್ಲಿ ತೊಳೆದ ಮುತ್ತಾಗುತ್ತಾನೆಯೆ? ಬದಲಾಗಬೇಕಾದ್ದು ಅವನ ಗುಣವಲ್ಲ, ಅವನು ತೆರುವ ಬೆಲೆ. ಇಡೀ ಅಧ್ಯಾಯ ಅಳಿಸಿದಳು.

ಹೊಸದರಲ್ಲಿ ಅವನು ತನ್ನ ಹಳೆಯ ಚಾಳಿಯಿಂದಲೇ ಸರಿಯಾದ ಕೆಲಸ ಮಾಡಿದ. ಕದರಯ್ಯನ ಜೊತೆ ಒಂದು ಒಪ್ಪಂದ: ಅವನು ಠಾಣೆಗೆ ಹೋಗಿ ಲಾರಿ ಓಡಿಸಿದ್ದು ತಾನೇ ಅಂತ ಒಪ್ಪಬೇಕು, ಅವನ ಹೆಣ್ಣುಮಕ್ಕಳನ್ನು ಓದಿಸುವುದು ಅಣ್ಣಯ್ಯಪ್ಪನ ಜವಾಬ್ದಾರಿ. ಅಣ್ಣಯ್ಯಪ್ಪ ಇದನ್ನೆಲ್ಲ ಮುಚ್ಚಿಟ್ಟ ವಿಷಯ ಮಾತ್ರ ಆಚೆ ಬರಕೂಡದು. ತಾಯಿಗೆ ನ್ಯಾಯ ಸಿಕ್ಕಿತು. ಇವನೂ ಉಳಿದುಕೊಂಡ. ಬಿಸಿಲಲ್ಲಿ ಅಮೃತೂರಿಗೆ ಹೋಗಿ ಸುದ್ದಿ ಮುಟ್ಟಿಸಿದ, ಎಂದಿನಂತೆ ಒಂದು ಲೋಟ ನೀರು ಕೇಳಿದ. ಗಂಗಲಕ್ಷ್ಮಮ್ಮ ಅವನ ಮುಖ ನೋಡಿದಳು. "ನೀರಿಲ್ಲ" ಅಂದಳು. ತುಂಬಿದ ಬಿಂದಿಗೆ ಅವಳ ಪಕ್ಕದಲ್ಲೇ ಇತ್ತು.

ಪುಸ್ತಕ ಅಲ್ಲಿಗೆ ಮುಗಿಯಿತು.

ಕೌಸಲ್ಯಮ್ಮ ಹಸ್ತಪ್ರತಿ ಓದಿ ಮುಗಿಸಿ ಕುಣಿಗಲ್‌ಗೇ ಬಂದರು. ಬಸವಪ್ರಭುವಿನ ಮನೆಯಲ್ಲಿ ಊಟ ಆಗಿ, ನಡುಮನೆಯಲ್ಲಿ ಎಲೆ ಅಡಿಕೆ ತಟ್ಟೆ ಇಟ್ಟಿದ್ದರು. ಕೌಸಲ್ಯಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ದಾಕ್ಷಾಯಣಿ ಎಂಥೆಂಥ ತೀರ್ಪಿಗೋ ಎದೆಗೊಟ್ಟು ನಿಂತವಳು, ಈ ತೀರ್ಪಿಗೆ ಮಾತ್ರ ಕುರ್ಚಿಯ ತುದಿಗೆ ಬಂದು ಕೂತಳು.

"ಬಿಂದಿಗೆ ತುಂಬ ನೀರಿಟ್ಕೊಂಡು ಇಲ್ಲ ಅಂದ್ಳಲ್ಲ ಆಯಮ್ಮ," ಅಂದರು ಕೊನೆಗೂ. "ಕರುಳು ಕಿತ್ತು ಬಂತು ಕಣೇ. ಬಸವಪ್ರಭು, ಅವನನ್ನ ಸಾಯಿಸ್ಬೇಡ್ರಪ್ಪ. ಸತ್ರೆ ಸಲೀಸಾಗಿ ತಪ್ಪಿಸ್ಕೋತಾನೆ. ಇರ್ಲಿ, ಅನುಭವಿಸ್ಲಿ. ಮುಂದಿನ ಮನೇಲಿ ನೀರು ಕೇಳೋಕೆ ಅವನಿಗೆ ಬಾಯಿ ಬರುತ್ತಾ ಅಂತ ನಾನು ನೋಡ್ಬೇಕು."

"ಆಯ್ತು ಮೇಡಂ, ಏಳನೇದು ಗ್ಯಾರಂಟಿ," ಅಂದ ಬಸವಪ್ರಭು, ತಾನೇ ಬರೆದವನ ಹಾಗೆ ಬೀಗುತ್ತಾ ಕಾಫಿ ಹೇಳಲು ಒಳಗೆ ಹೋದ.

ಅವನು ಮರೆಯಾದದ್ದೇ ತಡ, ಕೌಸಲ್ಯಮ್ಮ ಮುಂದೆ ಬಗ್ಗಿ ದನಿ ತಗ್ಗಿಸಿದರು. "ಈಗ ನಿಜ ಹೇಳು. ಐದನೇ ಪುಸ್ತಕ ಬರೆಯುವಾಗ್ಲೇ ನಿಂಗೆ ಇದೆಲ್ಲ ಗೊತ್ತಿತ್ತಾ?"

ದಾಕ್ಷಾಯಣಿ ಅವರ ಮುಖವನ್ನೇ ನೋಡಿದಳು. ಕೈ ಚಾಚಿ ಎಲೆ ಅಡಿಕೆ ತಟ್ಟೆಯಿಂದ ಒಂದು ಲವಂಗ ಆರಿಸಿ, ನಿಧಾನವಾಗಿ ಬಾಯಿಗೆ ಹಾಕಿಕೊಂಡಳು.

"ಗೊತ್ತಿಲ್ದೆ ಏನು ಮೇಡಂ, ಮೊದಲಿಂದ್ಲೂ ಗೊತ್ತಿತ್ತು," ಅಂದಳು.